ಸರಾಸರಿ ಸರಿಯಿದೆ, ಮನುಷ್ಯ ಮಾತ್ರ ಬಿದ್ದಿದ್ದಾನೆ



ಥಿನ್ನರಿನ ವಾಸನೆಗೆ ತಲೆ ತಿರುಗುತ್ತದೆಂದು ಕೆಲಸಗಾರ ದೂರು ಕೊಟ್ಟರೆ ಮೇಲಿನವರು ಒಂದು ಕಾಗದ ಹಿಡಿಯುತ್ತಾರೆ: “ಇಡೀ ದಿನದ ಸರಾಸರಿ ಮಿತಿಯೊಳಗಿದೆ.” ಕಾಗದದ ಲೆಕ್ಕ ಸುಳ್ಳಾಗಿರಬೇಕೆಂದಿಲ್ಲ. ಆದರೆ ನಾವು ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ.

ಅನೇಕ ಥಿನ್ನರುಗಳಲ್ಲಿ ಟಾಲುಯಿನ್ ಎಂಬ ದ್ರಾವಕವಿರುತ್ತದೆ. ಭೋಪಾಲದ ದುರಂತದ ಬಳಿಕ, 1987ರಲ್ಲಿ ಕಾರ್ಖಾನೆ ಕಾಯಿದೆಯನ್ನು ತಿದ್ದಿದಾಗ ಇದರ ಆವಿಗೆ ಒಂದಲ್ಲ, ಎರಡು ಮಿತಿಗಳನ್ನು ಬರೆದರು. 8 ಗಂಟೆಯ ಸರಾಸರಿ 100 ಪಿಪಿಎಂ. ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ 100 ಪಾಲು ಆವಿ. ಯಾವುದೇ 15 ನಿಮಿಷಕ್ಕೆ 150. ಅದೂ ದಿನಕ್ಕೆ ನಾಲ್ಕು ಸಲ ಮೀರದಂತೆ, ನಡುವೆ ಒಂದು ಗಂಟೆಯಾದರೂ ಬಿಡುವು ಕೊಟ್ಟು.

ಈಗ ಒಂದು ಲೆಕ್ಕ ಹಾಕೋಣ. ಒಬ್ಬನು ಕಬ್ಬಿಣದ ನೀರಿನ ಟ್ಯಾಂಕಿನೊಳಗೆ ಇಳಿದು, ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ 15 ನಿಮಿಷ ಒರೆಸುತ್ತಾನೆ. ಒಳಗೆ ಆವಿ 1,000 ಪಿಪಿಎಂ ಎನ್ನಿ. ಉಳಿದ 465 ನಿಮಿಷ ಹೊರಗೆ, 20 ಪಿಪಿಎಂನಲ್ಲಿ. ಮೊದಲನೆಯದು 15,000, ಎರಡನೆಯದು 9,300, ಕೂಡಿದರೆ 24,300. ಇದನ್ನು 480 ನಿಮಿಷಕ್ಕೆ ಹಂಚಿದರೆ ಸುಮಾರು 51. ಮಿತಿಯ ಅರ್ಧ! ಕಾಗದಕ್ಕೆ ಸಂತೋಷ. ಆದರೆ ಅಮೆರಿಕದ ನಯೋಶ್ ಸಂಸ್ಥೆ 500 ಪಿಪಿಎಂ ಅನ್ನೇ ಜೀವಕ್ಕೂ ಆರೋಗ್ಯಕ್ಕೂ ಕೂಡಲೇ ಅಪಾಯವೆಂದು ಗುರುತಿಸಿದೆ. ಇವನು ಉಸಿರಾಡಿದ್ದು ಅದರ ಎರಡರಷ್ಟು.

ತಿಂಗಳ ಮಳೆಯನ್ನು ದಿನಕ್ಕೆ ಹಂಚಿ ಲೆಕ್ಕ ಬರೆಯಬಹುದು. ಲೈನ್ ಮನೆಯ ಹಿಂದಿನ ಬರೆ ಕುಸಿಯುವುದು ಮಾತ್ರ ಒಂದೇ ರಾತ್ರಿಯ ಮಳೆಗೆ. ಟಾಲುಯಿನ್ ಆವಿಯೂ ಹಾಗೆಯೇ. ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ನಿಮಿಷಗಳಲ್ಲೇ ಸೇರುತ್ತದೆ. ತಲೆನೋವು, ಅಮಲು, ತಡವರಿಸುವ ಕಾಲು. ಏಣಿಯ ಮೇಲೆ ಇಷ್ಟೇ ಸಾಕು ಬೀಳಲು. ಸಂಜೆಯವರೆಗೆ ಸಿಕ್ಕ ಒಳ್ಳೆಯ ಗಾಳಿ ಬೆಳಿಗ್ಗೆ ಬಿದ್ದವನನ್ನು ಎತ್ತಲಾರದು. ಆವಿ ಗಾಳಿಗಿಂತ ಮೂರು ಪಟ್ಟು ಭಾರವಾದ್ದರಿಂದ ಟ್ಯಾಂಕಿನ ತಳದಲ್ಲೇ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಮೂಗು ಒಗ್ಗಿಹೋಗುವುದರಿಂದ, ವಾಸನೆ ಕಡಿಮೆಯಾಯಿತೆಂದು ನಂಬುವಂತೆಯೂ ಇಲ್ಲ. ಮುಖಕ್ಕೆ ಕಟ್ಟಿದ ಬಟ್ಟೆ ಆವಿಯನ್ನು ತಡೆಯುವುದಿಲ್ಲ.

ದಿನವಿಡೀ ಅಂಗಿಯ ಕೊರಳಪಟ್ಟಿಗೆ ಸಿಕ್ಕಿಸಿದ ಇದ್ದಿಲಿನ ನಳಿಗೆ ಕೊನೆಗೆ ಒಂದೇ ಅಂಕಿ ಕೊಡುತ್ತದೆ, ಸರಾಸರಿ. ಆ 15 ನಿಮಿಷ ಅದರೊಳಗೆ ಕರಗಿಹೋಗಿರುತ್ತದೆ. ಆದ್ದರಿಂದ ಕಾಗದ ತೋರಿಸಿದವರನ್ನು ಕೇಳಿರಿ: ಟ್ಯಾಂಕಿನೊಳಗಿನ ಕೆಲಸಕ್ಕೆ ಬೇರೆ ನಳಿಗೆ ಹಾಕಿ 15 ನಿಮಿಷದ ಅಳತೆ ತೆಗೆದಿರಾ? ಆ ಅಂಕಿ ಎಲ್ಲಿ? ಅದು ಇಲ್ಲವಾದರೆ, ಗಾಳಿ ಊದುವ ಫ್ಯಾನು ಹಾಕಿ ಅಳತೆ ತೆಗೆಯುವ ತನಕ ಯಾರೂ ಒಳಗೆ ಇಳಿಯಬಾರದು.