ಅಜ್ಜಿಯನ್ನು ಬೆಳ್ಳಗೆ ಮಾಡಬೇಡಿ

‘ಹೇಗಿದ್ರೂ ಕಂಪ್ಯೂಟರ್‌ನಲ್ಲಿ ಮಾಡ್ತೀಯಲ್ಲ, ಅವ್ವನ್ನ ಸ್ವಲ್ಪ ಬೆಳ್ಳಗೆ ಮಾಡ್ಕೊಡು ಮಾರಾಯಾ’ ಎಂದರು ಸೋದರತ್ತೆ. ಅಜ್ಜಿ ತೀರಿಕೊಂಡು ವರ್ಷವಾಗುತ್ತಿತ್ತು. ವರ್ಷಾಂತಕ್ಕೆ ಗೋಡೆಗೆ ಹಾಕಲು ಒಂದು ಫೋಟೊ ಬೇಕಿತ್ತು. ಮನೆಯಲ್ಲಿದ್ದುದು 1997ರಲ್ಲಿ ಚಿಕ್ಕಪ್ಪನ ಗೃಹಪ್ರವೇಶದ ದಿನ ತೆಗೆದ ಒಂದು ರೋಲ್ ಕಲರ್ ನೆಗೆಟಿವ್, ಬಿಸ್ಕತ್ತಿನ ಡಬ್ಬಿಯಲ್ಲಿ. ಎಂಜಿನಿಯರಿಂಗ್ ಓದುವ ಹುಡುಗ ಎಂಬ ಒಂದೇ ಅರ್ಹತೆಯ ಮೇಲೆ ಕೆಲಸ ನನ್ನ ತಲೆಗೆ ಬಂತು.

ಗೆಳೆಯನ ಕ್ಯಾಮೆರಾ, ಮ್ಯಾಕ್ರೊ ಲೆನ್ಸ್, ಹಿಂದೆ ಬಿಳಿ ಎಲ್ಇಡಿ ಪ್ಯಾನೆಲ್. ಎಕ್ಸ್‌ಪೋಷರ್ ಒಂದೇ ಕಡೆ ನಿಲ್ಲಿಸಿ ಇಡೀ ರೋಲನ್ನು ರಾ ಫೈಲ್‌ಗಳಾಗಿ ಸೆರೆಹಿಡಿದೆ. ಇದು ಅರ್ಧ ದಿನದ ಕೆಲಸ. ನಿಜವಾದ ತಲೆನೋವು ಶುರುವಾದದ್ದು ಆಮೇಲೆ.

ಎಲ್ಲರೂ ಮಾಡುವಂತೆ ನಾನೂ ಮೊದಲು ಇನ್ವರ್ಟ್ ಒತ್ತಿದೆ. ಮನೆಮಂದಿಯೆಲ್ಲ ನೀಲಿ ನೀಲಿ. ಕಾರಣ ಫಿಲ್ಮಿನ ಕಿತ್ತಳೆ ಬಣ್ಣ. ಅದು ಕೊಳೆಯಲ್ಲ, ಹಳತಾದ ಗುರುತೂ ಅಲ್ಲ. ಫಿಲ್ಮಿನೊಳಗಿನ ಬಣ್ಣಗಳು ಶುದ್ಧವಾಗಿರುವುದಿಲ್ಲ, ಹೀರಬಾರದ ಬೆಳಕನ್ನೂ ಒಂದಿಷ್ಟು ಹೀರುತ್ತವೆ. ಆ ತಪ್ಪನ್ನು ಸರಿದೂಗಿಸಲು ತಯಾರಕರೇ ಬೇಕೆಂದು ಇಟ್ಟ ಬಣ್ಣವದು. ನನ್ನ ಸ್ಕ್ಯಾನ್‌ನಲ್ಲಿ ಏನೂ ಮೂಡದ ಖಾಲಿ ಅಂಚು ಕೆಂಪು 210, ಹಸಿರು 120, ನೀಲಿ 80 ತೋರಿಸುತ್ತಿತ್ತು. ಇವನ್ನು 255ರಿಂದ ಕಳೆದರೆ 45, 135, 175. ಕಪ್ಪಾಗಬೇಕಾದ ಜಾಗವೇ ನೀಲಿ!

ತಪ್ಪಿರುವುದು ಈ ಕಳೆಯುವ ಲೆಕ್ಕದಲ್ಲೇ. ಫಿಲ್ಮು ಬೆಳಕನ್ನು ಕಳೆಯುವುದಿಲ್ಲ, ಭಾಗಿಸುತ್ತದೆ. ಒಂದು ಜಾಗಕ್ಕೆ ಬೆಳಕು ಹೆಚ್ಚು ಬಿದ್ದಷ್ಟೂ ಅಲ್ಲಿ ಫಿಲ್ಮು ದಟ್ಟವಾಗಿ, ಹಾಯ್ದು ಬರುವ ಬೆಳಕು ಇಂತಿಷ್ಟು ಪಾಲಿಗೆ ಇಳಿಯುತ್ತದೆ. ಹಾಗಾಗಿ ಖಾಲಿ ಅಂಚಿನ ಮೌಲ್ಯವನ್ನು ಚಿತ್ರದ ಮೌಲ್ಯದಿಂದ ಭಾಗಿಸಬೇಕು. ಜೊತೆಗೆ ಫಿಲ್ಮು ದೃಶ್ಯದ ಕಾಂಟ್ರಾಸ್ಟನ್ನು ಸುಮಾರು 0.6ಕ್ಕೆ ಕುಗ್ಗಿಸಿ ದಾಖಲಿಸುತ್ತದೆ. ಅದನ್ನು ಹಿಗ್ಗಿಸಲು ಒಂದು ಘಾತ ಬೇಕು, 1/0.6 ಅಂದರೆ ಸುಮಾರು 1.67. ಮೂರೂ ಚಾನೆಲ್‌ಗೆ ಬೇರೆ ಬೇರೆಯಾಗಿ ಮಾಡಬೇಕಾದ ಲೆಕ್ಕ ಇಷ್ಟೇ:

```
E = (base / scan) ** k
```

ಇದಕ್ಕೆ ಸ್ಕ್ಯಾನ್ ಲೀನಿಯರ್ ಆಗಿರಬೇಕು. ಸ್ಕ್ರೀನಿಗೆ ಬೇಕಾದ ಗಾಮಾ ಕೊಡುವುದು ಕೊನೆಯಲ್ಲಿ.

ಈ `k` ಮೂರು ಬಣ್ಣಕ್ಕೂ ಒಂದೇ ಆಗಿರುವುದಿಲ್ಲ. ಅದನ್ನು ಗೊತ್ತುಮಾಡಲು ಚಿತ್ರದಲ್ಲಿ ಬಣ್ಣವಿಲ್ಲದ ಒಂದು ವಸ್ತು ಬೇಕು. ನಾನು ಅಜ್ಜನ ಬಿಳಿ ಪಂಚೆ ಆರಿಸಿದೆ. ಎಲ್ಲರಿಗೂ ಅರಿಶಿನ ಕಾಮಾಲೆ ಬಡಿಯಿತು. ಒಂದು ಸಂಜೆ ಪೂರ್ತಿ ಸೂತ್ರವನ್ನೇ ಅನುಮಾನಿಸಿದೆ. ಕೊನೆಗೆ ಅಮ್ಮ ಹಿಂದಿನಿಂದ ಇಣುಕಿ, ‘ನಿಮ್ಮಜ್ಜ ನೀಲಿ ಹಾಕದ ಪಂಚೆ ಉಡ್ತಾನೇ ಇರ್ಲಿಲ್ಲ’ ಎಂದರು. ನೀಲಿ ಬೆರೆತ ಬಿಳಿಯನ್ನೇ ಬಣ್ಣವಿಲ್ಲದ್ದು ಎಂದು ಕಂಪ್ಯೂಟರಿಗೆ ಹೇಳಿದರೆ, ಅದು ಚಿತ್ರದಿಂದಲೇ ನೀಲಿಯನ್ನು ತೆಗೆಯುತ್ತದೆ. ಉಳಿಯುವುದು ಹಳದಿ.

ಆಮೇಲೆ ಬಿಸಿಲು ಬಿದ್ದ ಸಿಮೆಂಟ್ ಮೆಟ್ಟಿಲು ಹಿಡಿದೆ. ಹೊಸ ಮನೆ, ಮೆಟ್ಟಿಲಿಗಿನ್ನೂ ರೆಡ್ ಆಕ್ಸೈಡ್ ಹಾಕಿರಲಿಲ್ಲ. ನನ್ನ ಪುಣ್ಯ. ನೆಗೆಟಿವ್‌ನಲ್ಲಿ ಮೆಟ್ಟಿಲಿನ ಮೌಲ್ಯ 70, 36, 22. ಖಾಲಿ ಅಂಚನ್ನು ಇವುಗಳಿಂದ ಭಾಗಿಸಿದರೆ 3, 3.33, 3.64. ಮೂರೂ ಸಮ ಆಗಬೇಕಾದರೆ ಕೆಂಪಿಗೆ 1.67, ಹಸಿರಿಗೆ 1.52, ನೀಲಿಗೆ 1.42ರ ಘಾತ ಕೊಡಬೇಕು. ಆಗ ಮೂರೂ 6.2ರ ಆಸುಪಾಸಿಗೆ ಬರುತ್ತವೆ. ಬರೀ ಒಂದು ಸಂಖ್ಯೆಯಿಂದ ಗುಣಿಸಿ ಬಣ್ಣ ಸರಿಮಾಡಲು ಹೋದರೆ ಮೆಟ್ಟಿಲು ಸರಿಹೋಗುತ್ತದೆ, ಚಿಕ್ಕಪ್ಪನ ಕಪ್ಪು ಕೂದಲಿಗೆ ಬಣ್ಣ ತಿರುಗುತ್ತದೆ. ಘಾತದಲ್ಲಿ ಆ ಕಷ್ಟವಿಲ್ಲ. ಕೂದಲ ಜಾಗದಲ್ಲಿ ಭಾಗಲಬ್ಧ ಮೂರರಲ್ಲೂ 1ರ ಹತ್ತಿರವಿರುತ್ತದೆ, 1ಕ್ಕೆ ಯಾವ ಘಾತ ಕೊಟ್ಟರೂ 1. ಕೂದಲು ಮತ್ತು ಮೆಟ್ಟಿಲು ಎರಡೂ ಒಟ್ಟಿಗೆ ಬಣ್ಣವಿಲ್ಲದೆ ನಿಂತರೆ ಮುಖದ ಬಣ್ಣವನ್ನು ನಂಬಬಹುದು. ಒಂದು ಕಡೆ ಹಸಿರು, ಇನ್ನೊಂದು ಕಡೆ ಗುಲಾಬಿ ಕಂಡರೆ ಘಾತ ತಪ್ಪಿದೆ ಎಂದೇ ಅರ್ಥ.

ಈಗ ಅತ್ತೆಯ ಬೇಡಿಕೆಗೆ ಬರುತ್ತೇನೆ. ನನ್ನ ಚಿತ್ರದಲ್ಲಿ ಅಜ್ಜಿ ಕಪ್ಪಗಿದ್ದರು. ಅತ್ತೆ ಆಲ್ಬಂ ತಂದು ಅದೇ ಚಿತ್ರದ ಹಳೆಯ ಪ್ರಿಂಟ್ ತೋರಿಸಿದರು. ಅದರಲ್ಲಿ ಅಜ್ಜಿ ಸುಮಾರು ಬೆಳ್ಳಗೆ, ಕೆನ್ನೆ ಗುಲಾಬಿ. ‘ನೋಡು, ಅವ್ವ ಹೀಗಿದ್ಳು.’

ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಆ ಕಾಲದ ಲ್ಯಾಬ್ ಯಂತ್ರಗಳು ಚಿತ್ರದ ಬಣ್ಣಗಳೆಲ್ಲದರ ಸರಾಸರಿ ಬೂದು ಎಂದು ಊಹಿಸಿ ಪ್ರಿಂಟ್ ಹಾಕುತ್ತಿದ್ದವು. ನಮ್ಮ ಚಿತ್ರದ ಅರ್ಧಕ್ಕರ್ಧ ಅಡಿಕೆ ತೋಟ. ಅಷ್ಟು ಹಸಿರು ಕಂಡ ಯಂತ್ರ ಅದನ್ನು ತಗ್ಗಿಸಲು ಇಡೀ ಚಿತ್ರಕ್ಕೆ ಗುಲಾಬಿ ಬೆರೆಸಿದೆ. ತೋಟದ ನೆರಳು ಗಾಢವಾಗಿದ್ದರಿಂದ ಎಲ್ಲವನ್ನೂ ತಿಳಿ ಮಾಡಿದೆ. ಅಜ್ಜಿಯ ಗುಲಾಬಿ ಕೆನ್ನೆ ಅಡಿಕೆ ಮರದ ಕೊಡುಗೆ! ಲ್ಯಾಬುಗಳ ಅಳತೆಗೋಲು ಕೂಡ ಹೊರಗಿನದೇ. ಪ್ರಿಂಟ್‌ನ ಬಣ್ಣ ಹೊಂದಿಸಲು ಕೊಡಕ್ ಕಂಪನಿ ದಶಕಗಳ ಕಾಲ ಕೊಡುತ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ಇದ್ದದ್ದು ಬಿಳಿ ಚರ್ಮದ ಹೆಂಗಸಿನ ಚಿತ್ರ. ಇಂದಿನ ಆ್ಯಪ್‌ಗಳ ‘ಆಟೊ’ ಬಟನ್ ಒತ್ತಿ ನೋಡಿ, ಅದೂ ಮುಖವನ್ನು ತಿಳಿ ಮಾಡುವ ಕಡೆಗೇ ವಾಲುತ್ತದೆ.

ಸಹಜ ಬಣ್ಣವೆಂದರೆ ತಿಳಿ ಬಣ್ಣ ಎಂದು ನಾವು ತಿಳಿದುಕೊಂಡಿರುವುದೇ ಎಡವಟ್ಟು. ವಿಡಿಯೊ ಎಡಿಟರ್‌ಗಳು ನೋಡುವ ವೆಕ್ಟರ್‌ಸ್ಕೋಪ್‌ನಲ್ಲಿ ಚರ್ಮಕ್ಕೆಂದು ಒಂದು ಗೆರೆ ಇರುತ್ತದೆ. ಕಪ್ಪು, ಬಿಳಿ, ಗೋಧಿ, ಯಾವ ಮೈಬಣ್ಣವಾದರೂ ಆ ಗೆರೆಯ ಹತ್ತಿರವೇ ಬೀಳುತ್ತದೆ. ಬದಲಾಗುವುದು ಮುಖ್ಯವಾಗಿ ಹೊಳಪು. ನನ್ನ ಚಿತ್ರದಲ್ಲಿ ಅಜ್ಜಿಯ ಹ್ಯೂ 19 ಡಿಗ್ರಿ, ಪಕ್ಕದಲ್ಲಿ ನಿಂತ ಬೆಳ್ಳಗಿನ ಅತ್ತೆಯದು 22. ಅಂದರೆ ಬಣ್ಣ ಸರಿಯಾಗಿದೆ, ಅಜ್ಜಿ ಕಪ್ಪಗಿದ್ದರು, ಅಷ್ಟೇ. ಅಜ್ಜಿ ಎಲ್ಲೋ ನೆರಳಲ್ಲಿ ನಿಂತಿರಬಹುದೇ ಎಂಬ ಅನುಮಾನಕ್ಕೆ ರೋಲಿನ ಉಳಿದ ಚಿತ್ರಗಳಿದ್ದವು. ಎಲ್ಲಕ್ಕೂ ಇದೇ ಘಾತಗಳನ್ನು ಹಾಕಿದೆ. ಅಂಗಳದ ಬಿಸಿಲಲ್ಲಿ ರಂಗೋಲಿ ಹಾಕುವ ಚಿತ್ರದಲ್ಲೂ ಅಜ್ಜಿಯ ಕೈ ಅದೇ ಬಣ್ಣ.

ಮಾವನ ಮನೆಯ ಸ್ಲೈಡುಗಳಿಗೆ ಈ ಲೆಕ್ಕ ಬೇಡ. ಅವು ಮೊದಲೇ ಪಾಸಿಟಿವ್, ಕಿತ್ತಳೆ ಬಣ್ಣವೂ ಇಲ್ಲ. ಆದರೆ ನೆರಳಿನ ಮುಖಗಳು ಅಲ್ಲಿ ಪೂರ್ತಿ ಕಪ್ಪಿಗೆ ಮುಳುಗಿರುತ್ತವೆ. ಎಷ್ಟು ಎತ್ತಿದರೂ ಬರುವುದು ಬರೀ ನಾಯ್ಸ್.

ಅತ್ತೆಗೆ ಎರಡು ಪ್ರಿಂಟ್ ಕೊಟ್ಟೆ, ಒಂದು ಅವರು ಕೇಳಿದ್ದು, ಒಂದು ನನ್ನದು. ತುಂಬ ಹೊತ್ತು ಎರಡನ್ನೂ ನೋಡಿದರು. ಮುಖದ ಬಗ್ಗೆ ಏನೂ ಹೇಳಲಿಲ್ಲ. ನನ್ನ ಪ್ರಿಂಟಿನಲ್ಲಿ ಅಜ್ಜಿಯ ಸೀರೆ ತೋರಿಸಿ, ‘ಇದು ಬದನೆಕಾಯಿ ಬಣ್ಣದ್ದೇ ಕಣೋ, ಆ ಫೋಟೊದಲ್ಲಿ ಕೆಂಪು ಕಾಣ್ತಿತ್ತು, ಯಾವ ಸೀರೆ ಅಂತಾನೇ ಗೊತ್ತಾಗಿರ್ಲಿಲ್ಲ’ ಎಂದರು. ಗೋಡೆಗೆ ಯಾವುದನ್ನು ಹಾಕುವುದೆಂದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.