ಸ್ಕ್ರೀನ್‌ಶಾಟ್‌ಗಳ ವಾರದ ಲೆಕ್ಕ

ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ರತ್ನಾಚಲ ಎಕ್ಸ್‌ಪ್ರೆಸ್‌ನಲ್ಲಿ ಒಮ್ಮೆ ಹೋಗಿಬಂದರೆ ನಮ್ಮ ಫೋನಿನಲ್ಲಿ ಐದಾರು ಸ್ಕ್ರೀನ್‌ಶಾಟ್‌ಗಳು ಉಳಿದುಬಿಡುತ್ತವೆ: ಸೀಟು ಖಾಲಿ ಇದ್ದುದರ ಚಿತ್ರ, ಟಿಕೆಟು, ವಸತಿಗೃಹಕ್ಕೆ ಹೋಗುವ ದಾರಿ, ಆಟೋಗೆ ಯುಪಿಐ ಮೂಲಕ ಕೊಟ್ಟ ಹಣದ ರಸೀದಿ, ಯಾರೋ ಕಳುಹಿಸಿದ ಕನ್ನಡ ಕವಿತೆ. ಒಂದೊಂದೂ ಒಂದೆರಡು ಎಂಬಿ ಮಾತ್ರ. ಪರದೆಯ ವಿಡಿಯೊ ಹಾಗಲ್ಲ. ಕೆಲವೇ ನಿಮಿಷದ್ದಾದರೂ ನೂರಾರು ಎಂಬಿ ನುಂಗಬಲ್ಲದು.

ವರ್ಷಕ್ಕೊಮ್ಮೆ ಕುಳಿತು ಎಲ್ಲವನ್ನೂ ಅಳಿಸುತ್ತೇವೆಂಬ ಸಂಕಲ್ಪದಲ್ಲಿ ನಮಗೆ ನಂಬಿಕೆಯಿಲ್ಲ. ವರ್ಷದ ಬಳಿಕ ಚಿತ್ರ ಇರುತ್ತದೆ, ಅದನ್ನು ತೆಗೆದ ಕಾರಣ ಮರೆತಿರುತ್ತದೆ. ಕಾರಣ ತಿಳಿಯದ್ದನ್ನು ಅಳಿಸಲು ಕೈ ಬರುವುದಿಲ್ಲ. ವಾರದೊಳಗಾದರೆ ನೆನಪು ಹಸಿಯಾಗಿರುತ್ತದೆ. ಆದ್ದರಿಂದ ಭಾನುವಾರ ಬೆಳಿಗ್ಗೆ ಫೋನಿನ Screenshots ಫೋಲ್ಡರನ್ನು ತೆರೆದು ಆ ಏಳು ದಿನಗಳದ್ದನ್ನಷ್ಟೇ ನೋಡುವುದು ಒಳ್ಳೆಯದು. ಹಳೆಯ ರಾಶಿಯನ್ನು ಆಗ ಮುಟ್ಟಬಾರದು. ಮುಟ್ಟಿದರೆ ಅಭ್ಯಾಸವೇ ಮುರಿಯುತ್ತದೆ. ವಿಡಿಯೊಗಳು ಹಲವು ಫೋನುಗಳಲ್ಲಿ ಬೇರೆ ಫೋಲ್ಡರಿನಲ್ಲಿರುತ್ತವೆ, ಅದನ್ನೂ ತೆರೆಯಬೇಕು.

ಮೇಲಿನ ಪ್ರಯಾಣವನ್ನೇ ನೋಡೋಣ. ಸೀಟಿನ ಚಿತ್ರ, ದಾರಿಯ ಚಿತ್ರ ಎರಡೂ ಊರು ತಲುಪಿದೊಡನೆ ಸತ್ತವು. ಟಿಕೆಟಿನ ವಿವರ ಎಸ್‌ಎಂಎಸ್‌ನಲ್ಲಿಯೂ ಐಆರ್‌ಸಿಟಿಸಿ ಖಾತೆಯಲ್ಲಿಯೂ ಇರುವುದರಿಂದ ಅದರ ಚಿತ್ರವೂ ಬೇಡ. ಆಟೋ ರಸೀದಿ ಮಾತ್ರ ಬೇಕು: ಕೇಂದ್ರ ಸರ್ಕಾರಿ ನೌಕರರು ಪ್ರವಾಸ ಮುಗಿದ 60 ದಿನಗಳೊಳಗೆ ಭತ್ಯೆಯ ಬಿಲ್ಲು ಸಲ್ಲಿಸಬೇಕಾಗಿದೆ. ಅದನ್ನು ಪ್ರವಾಸದ ಹೆಸರಿನ ಫೋಲ್ಡರಿಗೆ ಸರಿಸಿಬಿಟ್ಟರೆ ಬಿಲ್ಲು ಮಂಜೂರಾದ ದಿನ ಫೋಲ್ಡರಿನೊಡನೆ ಅದೂ ಹೋಗುತ್ತದೆ.

ಕವಿತೆಯದು ಬೇರೆ ಕಥೆ. ಹೊರನಾಡಿನಲ್ಲಿರುವ ನಮ್ಮಂಥವರು ಕನ್ನಡ ಕಂಡಲ್ಲೆಲ್ಲ ಪರದೆಯನ್ನು ಹಿಡಿದಿಡುತ್ತೇವೆ. ಚಿತ್ರದಲ್ಲಿ ಎಷ್ಟೋ ಸಲ ಕವಿಯ ಹೆಸರು ಅಂಚಿನಾಚೆ ಉಳಿದಿರುತ್ತದೆ, ಪುಟದ ಕೊಂಡಿಯಂತೂ ಇರುವುದೇ ಇಲ್ಲ. ಕೊಂಡಿಯನ್ನೂ ಹೆಸರನ್ನೂ ಟಿಪ್ಪಣಿಯಲ್ಲಿ ಬರೆದುಕೊಂಡು ಚಿತ್ರವನ್ನು ಬಿಡುವುದೇ ಕವಿತೆಗೆ ತೋರುವ ಹೆಚ್ಚಿನ ಗೌರವವೆಂದು ನಮ್ಮ ಅಭಿಪ್ರಾಯ.

ಅಳಿಸುವಾಗ ಒಂದು ಎಚ್ಚರ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರವನ್ನು ಅಳಿಸಿದರೆ ಅದು ಫೋನಿನಿಂದಷ್ಟೇ ಅಲ್ಲ, ಗೂಗಲ್ ಖಾತೆಯಿಂದಲೂ ಹೋಗುತ್ತದೆ. ಫೋನಿನ ಜಾಗ ಮಾತ್ರ ಬೇಕಿದ್ದರೆ ಅಲ್ಲಿಯೇ ಇರುವ Free up space ಸಾಕು. ತಪ್ಪಿ ಅಳಿಸಿದ್ದು Bin ಒಳಗೆ ಇರುತ್ತದೆ: ಬ್ಯಾಕಪ್ ಆಗಿದ್ದರೆ 60 ದಿನ, ಆಗಿರದಿದ್ದರೆ 30 ದಿನ. ಐಫೋನಿನ Recently Deleted ಆಲ್ಬಮ್ಮಿನಲ್ಲಿಯೂ 30 ದಿನ. ಅಷ್ಟು ದಿನ ಫೋನಿನಲ್ಲಿ ಜಾಗ ತೆರವಾಗದಿದ್ದರೆ ಗಾಬರಿ ಬೇಡ. ಅವಸರವಿದ್ದವರು Bin ಅನ್ನು ತಾವೇ ಖಾಲಿ ಮಾಡಬಹುದು, ಆದರೆ ಆಟೋ ರಸೀದಿ ಅದರಲ್ಲಿಲ್ಲವೆಂದು ನೋಡಿಕೊಂಡು.