ಒಂದು ನಿಮಿಷ ಕಾದು ನೋಡುವ ಬಿಳಿ ಕಲೆ
ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಶುರುಮಾಡಿದ ಅಧ್ಯಯನದಲ್ಲಿ ಗರ್ಭಕಂಠ ಪರೀಕ್ಷಿಸಿದವರು ವೈದ್ಯರಲ್ಲ, ಹತ್ತನೇ ತರಗತಿ ಓದಿ ಕೆಲವೇ ವಾರ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ವಿನೆಗರ್‌ನಲ್ಲಿರುವಂಥ ಅಸಿಟಿಕ್ ಆಮ್ಲದ ತೆಳು ದ್ರಾವಣ ಸವರಿ, ಒಂದು ನಿಮಿಷ ಕಾದು, ಪ್ರಖರ ಬೆಳಕಿನಲ್ಲಿ ಬರಿಗಣ್ಣಿನಿಂದ ನೋಡಿದರೆ ಕೆಟ್ಟ ಕೋಶಗಳಿರುವಲ್ಲಿ ದಟ್ಟ ಬಿಳಿ ಕಲೆ ಏಳುತ್ತದೆ. ಎರಡು ವರ್ಷಕ್ಕೊಮ್ಮೆ ಹೀಗೆ ನೋಡಿದ್ದಕ್ಕೇ ಗರ್ಭಕಂಠ ಕ್ಯಾನ್ಸರ್‌ನ ಸಾವು ಶೇ 31ರಷ್ಟು ತಗ್ಗಿತು, ದೊಡ್ಡ ಮಾತು! ಆದರೆ ಉರಿಯೂತದಿಂದಲೂ ಬಿಳಿ ಕಾಣಬಹುದು, ಮುಟ್ಟು ನಿಂತವರಲ್ಲಿ ನೋಡಬೇಕಾದ ಭಾಗವೇ ಒಳಸರಿದಿರುತ್ತದೆ. ಅಂಥವರಿಗೆ ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್‌ನ ಪರೀಕ್ಷೆಯೇ ಮೇಲು. ಈ ವೈರಸ್ ವಿರುದ್ಧದ ಲಸಿಕೆ ಹಾಕಿಸಬೇಕಾದದ್ದು ಸೋಂಕು ತಗಲುವ ಮುನ್ನ, 9ರಿಂದ 14ರ ವಯಸ್ಸಿನಲ್ಲಿ. ಅದು ವೈರಸ್‌ನ ಅತಿ ಅಪಾಯಕಾರಿ 16, 18ನೇ ಬಗೆಗಳನ್ನು ತಡೆಯುತ್ತದೆ, ಎಲ್ಲವನ್ನೂ ಅಲ್ಲ. ಆದ್ದರಿಂದ ಲಸಿಕೆ ಪಡೆದ ಹುಡುಗಿಯೂ ಮೂವತ್ತಾದ ಮೇಲೆ ತಪಾಸಣೆಗೆ ಬರಲೇಬೇಕು.